ಅಂಬರನಾಥದ ಗುಡಿ, ಎಂಟು ಸ್ಲೈಡುಗಳಲ್ಲಿ

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಒಳ್ಳೊಳ್ಳೆಯ ಇತಿಹಾಸ ಲೇಖನಗಳು ಬರುತ್ತವೆ. ಬರೆದವರು ವರ್ಷಗಟ್ಟಲೆ ಓದಿ, ಊರೂರು ಸುತ್ತಿ ಬರೆದಿರುತ್ತಾರೆ. ಆದರೆ ಅದೇ ಲೇಖನವನ್ನು ಠಾಣೆಯಿಂದ ಕಲ್ಯಾಣದ ಕಡೆಗೆ ಹೊರಟ ಸಂಜೆಯ ಲೋಕಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತವರು ಓದಲಾರರು. ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ ಕನ್ನಡದ ದೊಡ್ಡ ಪ್ಯಾರಾ ಕಂಡರೆ ಕಣ್ಣು ಜಾರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್ ಓದುತ್ತಾರೆ, ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಒಂದು ಸ್ಲೈಡಿಗೆ ಒಂದೇ ಮಾತಿದ್ದರೆ ಇವರೆಲ್ಲ ಓದುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಬೆರಳಿನಿಂದ ಸರಿಸಿ ನೋಡುವ ಈ ಸ್ಲೈಡುಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ.

ಪ್ಯಾರಾವನ್ನು ಎಂಟು ತುಂಡು ಮಾಡಿ ಎಂಟು ಸ್ಲೈಡಿಗೆ ಅಂಟಿಸಿದರೆ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ನಾನು ಸಂಘದ ಗೆಳೆಯರಿಗಾಗಿ ಈ ಕೆಲಸ ಮಾಡುತ್ತ ಬಂದವನು. ತುಂಡು ಮಾಡಿದಾಗ ಪ್ಯಾರಾದ ಉದ್ದ ಕಡಿಮೆಯಾಗುವುದರ ಜೊತೆಗೆ ಅರ್ಥವೂ ಬದಲಾಗಬಹುದು. ಇತಿಹಾಸದ ವಿಷಯದಲ್ಲಂತೂ ಸುಳ್ಳೇ ಹುಟ್ಟಬಹುದು. ಅದು ಹೇಗೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ನಮ್ಮ ಪಕ್ಕದಲ್ಲೇ ಇರುವ ಒಂದು ಗುಡಿಯ ಪ್ಯಾರಾ ಹಿಡಿದು ತೋರಿಸುತ್ತೇನೆ. ಕಲ್ಯಾಣ ದಾಟಿದ ಮೇಲೆ ವಿಠಲವಾಡಿ, ಉಲ್ಹಾಸನಗರ, ಆಮೇಲೆ ಅಂಬರನಾಥ. ಅಲ್ಲಿನ ಹಳೆಯ ಶಿವಾಲಯದ ಬಗ್ಗೆ ನಾನು ಬರೆದಿಟ್ಟುಕೊಂಡ ಪ್ಯಾರಾ ಇದು:

"ಅಂಬರನಾಥದ ಶಿವಾಲಯ ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದೆಂದು ಅಲ್ಲೇ ಇರುವ ಶಕ 982ರ, ಅಂದರೆ ಕ್ರಿ.ಶ. 1060ರ ಶಾಸನದಿಂದ ತಿಳಿಯುತ್ತದೆ. ಕೆಲಸ ಅವನ ಅಣ್ಣ ಛಿತ್ತರಾಜನ ಕಾಲದಲ್ಲೇ ಶುರುವಾಗಿದ್ದಿರಬಹುದೆಂದು ವಿದ್ವಾಂಸರ ಅಭಿಪ್ರಾಯ. ಈ ಮನೆತನದವರು ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದು, ಇವರ ಹಿರಿಯರಾದ ಪುಲ್ಲಶಕ್ತಿ ಮತ್ತು ಕಪರ್ದಿಯ ಕಾಲದ ಕನ್ಹೇರಿ ಗುಹೆಗಳ ಶಾಸನಗಳು ಅಮೋಘವರ್ಷನನ್ನು ಒಡೆಯನೆಂದು ಹೆಸರಿಸುತ್ತವೆ. ಕವಿರಾಜಮಾರ್ಗ ರಚನೆಯಾದದ್ದು ಅವನ ಆಸ್ಥಾನದಲ್ಲೇ. ಆದರೆ ಗುಡಿಯ ಹೊತ್ತಿಗೆ ರಾಷ್ಟ್ರಕೂಟರು ಅಳಿದು ಎಂಬತ್ತಕ್ಕೂ ಹೆಚ್ಚು ವರ್ಷವಾಗಿದ್ದು, ದಖ್ಖನಿನಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದರು. ಭೂಮಿಜ ಶೈಲಿಯ ಈ ಗುಡಿಯ ಶಿಖರ ಪೂರ್ತಿಯಾಗಿಲ್ಲ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು."

ಕಾಗದದ ಮೇಲೆ ಈ ಪ್ಯಾರಾದಲ್ಲಿ ತಪ್ಪಿಲ್ಲ. ತಾಳ್ಮೆಯಿಂದ ಓದುವವರಿಗೆ ಎಲ್ಲವೂ ಸಿಗುತ್ತದೆ. ಈಗ ಇದನ್ನು ಒಡೆಯೋಣ.

ಮೊದಲು ಎಣಿಕೆ

ಸ್ಲೈಡ್ ಮಾಡುವ ಆ್ಯಪ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು, ಪ್ಯಾರಾದಲ್ಲಿ ಎಷ್ಟು ಮಾತುಗಳಿವೆ ಎಂದು ಎಣಿಸಿ. ವಾಕ್ಯಗಳನ್ನಲ್ಲ, ಮಾತುಗಳನ್ನು. ಯಾರಾದರೂ "ಹೌದಾ?" ಎಂದು ಬೇರೆಯಾಗಿ ಕೇಳಬಹುದಾದ ಪ್ರತಿಯೊಂದೂ ಒಂದು ಮಾತು. ಮೇಲಿನ ಪ್ಯಾರಾದಲ್ಲಿ ಏಳು ವಾಕ್ಯಗಳಷ್ಟೇ ಇದ್ದರೂ ಮಾತುಗಳು ಹದಿಮೂರು: ಗುಡಿ ಮುಮ್ಮುಣಿಯ ಕಾಲದ್ದು, ಅದಕ್ಕೆ ಶಾಸನದ ಆಧಾರವಿದೆ, ವರ್ಷ 1060, ಆರಂಭ ಛಿತ್ತರಾಜನದ್ದಿರಬಹುದು, ಶಿಲಾಹಾರರು ರಾಷ್ಟ್ರಕೂಟರ ಸಾಮಂತರು, ಕನ್ಹೇರಿಯಲ್ಲಿ ಶಾಸನಗಳಿವೆ, ಅಲ್ಲಿ ಅಮೋಘವರ್ಷನ ಹೆಸರಿದೆ, ಕವಿರಾಜಮಾರ್ಗ ಅವನ ಆಸ್ಥಾನದ್ದು, ರಾಷ್ಟ್ರಕೂಟರು ಗುಡಿಗೆ ಮೊದಲೇ ಅಳಿದಿದ್ದರು, ಆಗ ಚಾಲುಕ್ಯರಿದ್ದರು, ಶೈಲಿ ಭೂಮಿಜ, ಶಿಖರ ಪೂರ್ತಿಯಾಗಿಲ್ಲ, ಗರ್ಭಗುಡಿ ಕೆಳಗಿದೆ.

ಕನ್ನಡದಲ್ಲಿ ಈ ಎಣಿಕೆ ಬಿಡಲೇಬಾರದು. ನಮ್ಮ ವಾಕ್ಯಗಳು "ಆಗಿದ್ದು", "ಅಳಿದು", "ಎಂದು" ಎಂಬ ಕೊಂಡಿಗಳಿಂದ ಎಷ್ಟು ಬೇಕಾದರೂ ಉದ್ದಕ್ಕೆ ಬೆಳೆಯುತ್ತವೆ. ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ, ನಡುವೆ ಎರಡು ಮೂರು ಸಂಗತಿಗಳು ಸೇರಿಕೊಂಡದ್ದು ಬರೆದವರಿಗೇ ಗೊತ್ತಾಗುವುದಿಲ್ಲ. ಪೂರ್ಣವಿರಾಮ ನೋಡಿ ಕತ್ತರಿಸಿದರೆ ಏಳು ಭಾರದ ಸ್ಲೈಡುಗಳಾಗುತ್ತವೆ. ಕೊಂಡಿಯಲ್ಲಿ ಕತ್ತರಿಸಿದರೆ "ಸಾಮಂತರಾಗಿದ್ದು," ಎಂದು ಅರ್ಧಕ್ಕೆ ನೇತಾಡುವ ಸ್ಲೈಡುಗಳಾಗುತ್ತವೆ. ಹಾಗಾಗಿ ಕತ್ತರಿಸಬೇಡಿ. ಮಾತುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಹೊಸದಾಗಿ, ಪೂರ್ಣ ಕ್ರಿಯಾಪದದಲ್ಲಿ ಮುಗಿಯುವ ಸಣ್ಣ ವಾಕ್ಯವಾಗಿ ಬರೆಯಿರಿ.

ಒಂದೇ ಪ್ರಶ್ನೆ, ಉಳಿದದ್ದು ಆಚೆಗೆ

ಹದಿಮೂರು ಮಾತಿಗೆ ಹದಿಮೂರು ಸ್ಲೈಡ್ ಹಾಕಬಹುದು. ಇನ್‌ಸ್ಟಾಗ್ರಾಮ್ ಈಗ ಒಂದು ಪೋಸ್ಟಿಗೆ 20 ಸ್ಲೈಡುಗಳವರೆಗೆ ಬಿಡುತ್ತದೆ, ಮೊದಲು 10 ಇತ್ತು. ಆದರೆ ಅಷ್ಟು ಹಾಕಿದರೆ ಅದೇ ಪ್ಯಾರಾವನ್ನು ಅಡ್ಡಡ್ಡ ಹರಡಿದಂತಾಗುತ್ತದೆ. ಎಲ್ಲ ಸ್ಲೈಡುಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಪ್ರಶ್ನೆ ಯಾವುದೆಂದು ನಾವು ನಿರ್ಧರಿಸಬೇಕು.

ನಮ್ಮ ಓದುಗರು ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲಿನ ಕನ್ನಡಿಗರು. ಅವರಿಗೆ ಸಹಜವಾಗಿ ಬರುವ ಪ್ರಶ್ನೆ "ಈ ಗುಡಿಗೂ ಕನ್ನಡಕ್ಕೂ ಏನು ನಂಟು?" ಎಂಬುದು. ಹಾಗಿದ್ದರೆ ಭೂಮಿಜ ಶೈಲಿ, ಶಿಖರ, ಗರ್ಭಗುಡಿ ಈ ಮೂರೂ ಇಲ್ಲಿ ಬೇಡ. ಅವು ಬೇಡದ ವಿಷಯಗಳೆಂದಲ್ಲ. ಅವು "ಗುಡಿಯೊಳಗೆ ಏನು ನೋಡಬೇಕು?" ಎಂಬ ಬೇರೆ ಪ್ರಶ್ನೆಯ ಉತ್ತರಗಳು. ಇನ್ನೊಂದು ವಾರ, ಇನ್ನೊಂದು ಪೋಸ್ಟಿಗೆ ಇಟ್ಟುಕೊಳ್ಳಬಹುದು.

ಛಿತ್ತರಾಜನ ಮಾತನ್ನೂ ನಾನು ತೆಗೆದೆ. ಕಾರಣ ಬೇರೆ. "ಶುರುವಾಗಿದ್ದಿರಬಹುದು" ಎಂಬ ಮಾತಿನ ಜೀವವೆಲ್ಲ ಆ "ಬಹುದು" ಎಂಬುದರಲ್ಲಿದೆ. ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ "ಛಿತ್ತರಾಜ" ಎಂದು ಕಂಡರೆ ಓದುಗರು ಹೆಸರನ್ನು ನೆನಪಿಡುತ್ತಾರೆ, "ಬಹುದು" ಅನ್ನು ಬಿಡುತ್ತಾರೆ. ಅನುಮಾನದ ಮಾತಿಗೆ ಅದರ ಕಾರಣ ಹೇಳುವಷ್ಟು ಜಾಗ ಬೇಕು. ಅಷ್ಟು ಜಾಗ ಸ್ಲೈಡಿನಲ್ಲಿಲ್ಲ, ಕೆಳಗಿನ ಬರಹದಲ್ಲಿದೆ.

ಇನ್ನು ಕಲ್ಯಾಣದ ಚಾಲುಕ್ಯರು. ಇದು ನಮ್ಮ ಭಾಗದವರಿಗೆ ಮಾತ್ರ ಇರುವ ತೊಡಕು. ಬೆಂಗಳೂರಿನವರು "ಕಲ್ಯಾಣ" ಎಂದು ಓದಿದರೆ ಬೀದರ ಜಿಲ್ಲೆಯ ಬಸವಕಲ್ಯಾಣ ನೆನಪಾಗುತ್ತದೆ. ನಾವು ಓದಿದರೆ ನಮ್ಮ ಸ್ಟೇಷನ್ ನೆನಪಾಗುತ್ತದೆ. ಅಂಬರನಾಥದ ಗುಡಿಯ ಮಾತಿನ ನಡುವೆ "ಕಲ್ಯಾಣದ ಚಾಲುಕ್ಯರು" ಎಂಬ ಸ್ಲೈಡ್ ಬಂದರೆ, ಮೂರು ಸ್ಟೇಷನ್ ಈಚೆಗಿನ ಕಲ್ಯಾಣವೇ ಚಾಲುಕ್ಯರ ರಾಜಧಾನಿಯೆಂದು ಓದುಗರು ತಿಳಿಯುವುದು ಖಂಡಿತ. ಅದನ್ನು ಬಿಡಿಸಿ ಹೇಳಲು ಇನ್ನೊಂದು ಸ್ಲೈಡ್ ಬೇಕು. ಆಗ ಪೋಸ್ಟ್ ಎರಡು ಪ್ರಶ್ನೆಗಳದ್ದಾಗುತ್ತದೆ. ಅದನ್ನೂ ಕೆಳಗಿನ ಬರಹಕ್ಕೆ ಕಳಿಸಿದೆ.

ಎಂಟು ಸ್ಲೈಡುಗಳು

ಉಳಿದ ಮಾತುಗಳನ್ನು ಮೊದಲು ಹೀಗೆ ಬರೆದುಕೊಂಡೆ:

1. ಅಂಬರನಾಥದ ಶಿವಾಲಯಕ್ಕೂ ಕನ್ನಡಕ್ಕೂ ಏನು ನಂಟು?
2. ಅಲ್ಲಿ ಒಂದು ಶಾಸನವಿದೆ. ಅದರ ಕಾಲ ಕ್ರಿ.ಶ. 1060.
3. ಆಗ ಇಲ್ಲಿ ಆಳುತ್ತಿದ್ದವನು ಮುಮ್ಮುಣಿ.
4. ಇವನ ಮನೆತನದವರು ರಾಷ್ಟ್ರಕೂಟರ ಸಾಮಂತರು.
5. ಕನ್ಹೇರಿಯ ಶಾಸನಗಳಲ್ಲಿ ಅವರ ಒಡೆಯ ಅಮೋಘವರ್ಷನ ಹೆಸರಿದೆ.
6. ಅವನ ಆಸ್ಥಾನದಲ್ಲೇ ಕವಿರಾಜಮಾರ್ಗ ಹುಟ್ಟಿತು.
7. ಆದರೆ ಗುಡಿಯ ಹೊತ್ತಿಗೆ ರಾಷ್ಟ್ರಕೂಟರು ಇರಲಿಲ್ಲ.
8. ನಂಟು ಗುಡಿಯದ್ದಲ್ಲ, ಕಟ್ಟಿಸಿದ ಮನೆತನದ್ದು.

ಸಾಲಾಗಿ ಓದಿದರೆ ಚೆನ್ನಾಗಿದೆ. ಆದರೆ ಫೋನಿನಲ್ಲಿ ಯಾರೂ ಹೀಗೆ ಸಾಲಾಗಿ ಓದುತ್ತಾರೆಂಬ ಭರವಸೆ ಇಲ್ಲ. ಮೊದಲ ಸ್ಲೈಡ್ ನೋಡಿ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಮತ್ತೊಮ್ಮೆ ಎರಡನೇ ಸ್ಲೈಡಿನಿಂದ ತೋರಿಸುವುದುಂಟು. ಅವರಿಗೆ ಮೊದಲು ಕಾಣುವುದೇ "ಅಲ್ಲಿ ಒಂದು ಶಾಸನವಿದೆ" ಎಂಬ ಸಾಲು. ಎಲ್ಲಿ? ಗೊತ್ತಿಲ್ಲ. ಇನ್ನು ವಾಟ್ಸಾಪ್ ಗುಂಪುಗಳಿಗೆ ಹೋಗುವುದು ಪೂರ್ತಿ ಪೋಸ್ಟಲ್ಲ, ಯಾರೋ ಇಷ್ಟಪಟ್ಟು ತೆಗೆದ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್. ಆದ್ದರಿಂದ ಪ್ರತಿ ಸ್ಲೈಡೂ ಒಂಟಿಯಾಗಿ ಹೊರಟರೂ ತನ್ನ ಅರ್ಥವನ್ನು ತಾನೇ ಹೊತ್ತುಕೊಂಡು ಹೋಗಬೇಕು.

ಪ್ಯಾರಾದಲ್ಲಿ ಜೀವ ಕೊಡುವ "ಆಗ", "ಅಲ್ಲಿ", "ಇವನ", "ಅವರ" ಎಂಬ ಪುಟ್ಟ ಪದಗಳು ಸ್ಲೈಡಿನಲ್ಲಿ ಸಾಯುತ್ತವೆ. ಅವು ಹಿಂದಿನ ವಾಕ್ಯವನ್ನು ಬೆರಳು ಮಾಡಿ ತೋರಿಸುವ ಪದಗಳು, ಸ್ಲೈಡಿನಲ್ಲಿ ಹಿಂದಿನ ವಾಕ್ಯ ಕಣ್ಣೆದುರು ಇರುವುದಿಲ್ಲ. ಅವುಗಳನ್ನೆಲ್ಲ ಹುಡುಕಿ, ಪ್ರತಿಯೊಂದರ ಜಾಗದಲ್ಲಿ ಹೆಸರನ್ನೇ ಬರೆಯಬೇಕು. ಪ್ಯಾರಾದಲ್ಲಿ ಇದೇ ಪುನರಾವರ್ತನೆ ಬೇಸರ ತರಿಸುತ್ತದೆ, ಸ್ಲೈಡಿನಲ್ಲಿ ಅದು ಬೇಕೇ ಬೇಕು.

ಸುಳ್ಳು ಹುಟ್ಟುವ ಜಾಗ

ಹೆಚ್ಚು ಎಚ್ಚರ ಬೇಕಾದದ್ದು ನಾಲ್ಕನೇ ಸ್ಲೈಡಿನಲ್ಲಿ. "ಇವನ ಮನೆತನದವರು ರಾಷ್ಟ್ರಕೂಟರ ಸಾಮಂತರು." ಈ ಮಾತು ಸುಳ್ಳಲ್ಲ. ಮುಂದೆ ಏಳನೇ ಸ್ಲೈಡಿನಲ್ಲಿ "ಆದರೆ" ಎಂದು ತಿದ್ದುಪಡಿಯೂ ಇದೆ. ಆದರೂ ನಾಲ್ಕರಲ್ಲೋ ಆರರಲ್ಲೋ ನಿಲ್ಲಿಸಿದವರ ತಲೆಯಲ್ಲಿ ಉಳಿಯುವ ಚಿತ್ರವೇನು? ಅಂಬರನಾಥ, ರಾಷ್ಟ್ರಕೂಟ, ಅಮೋಘವರ್ಷ, ಕವಿರಾಜಮಾರ್ಗ. ಮರುದಿನ ಯಾವುದೋ ಗುಂಪಿನಲ್ಲಿ "ಅಂಬರನಾಥದ ಗುಡಿಯನ್ನು ಅಮೋಘವರ್ಷ ಕಟ್ಟಿಸಿದ" ಎಂದು ಬರುತ್ತದೆ. ಅಮೋಘವರ್ಷನ ಆಳ್ವಿಕೆ 878ರ ಸುಮಾರಿಗೆ ಮುಗಿಯಿತು. ಗುಡಿಯ ಶಾಸನ 1060ರದ್ದು. ನಡುವೆ 180ಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ರಾಷ್ಟ್ರಕೂಟರ ಆಳ್ವಿಕೆಯೇ 973ರಲ್ಲಿ ಕೊನೆಗೊಂಡಿತ್ತು.

ಇದು ಬರೀ ಇಸವಿಯ ತಪ್ಪಲ್ಲ. ನಾವು ಮರಾಠಿ ನೆರೆಹೊರೆಯವರ ಜೊತೆ ಒಂದೇ ಸೊಸೈಟಿಯಲ್ಲಿ, ಒಂದೇ ಡಬ್ಬಿಯಲ್ಲಿ ಬಾಳುವವರು. ಅಂಬರನಾಥದ ಗುಡಿ ಅವರಿಗೂ ಅಭಿಮಾನದ ವಿಷಯ. "ಇದು ನಮ್ಮವರು ಕಟ್ಟಿಸಿದ್ದು" ಎಂಬ ಆಧಾರವಿಲ್ಲದ ಒಂದು ಸಾಲು ಮಾಡುವ ಗಾಯ ದೊಡ್ಡದು. ಯಾರಾದರೂ ಶಾಸನದ ಇಸವಿ ತೋರಿಸಿದರೆ, ಕನ್ಹೇರಿಯ ನಿಜವಾದ ನಂಟನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಆದ್ದರಿಂದ ನನ್ನ ನಿಯಮ ಇದು. ಮಿತಿಯನ್ನು ಬೇರೆ ಸ್ಲೈಡಿಗೆ ತಳ್ಳಬಾರದು. ಯಾವ ಮಾತಿಗೆ ಮಿತಿ ಬೇಕೋ ಅದೇ ಸ್ಲೈಡಿನೊಳಗೆ, ಅದೇ ಅಕ್ಷರದ ಗಾತ್ರದಲ್ಲಿ ಇಡಬೇಕು. ನಾಲ್ಕನೇ ಸ್ಲೈಡಿಗೆ ಬೇಕಾದದ್ದು ಕಾಲದ ಮಿತಿ. "ಗುಡಿಗೆ ಸುಮಾರು 200 ವರ್ಷ ಮೊದಲು" ಎಂಬಷ್ಟು ಸೇರಿಸಿದರೆ ಸಾಕು. ಒಂದು ಸ್ಲೈಡಿಗೆ ಒಂದೇ ಮಾತು ಎಂಬ ನಿಯಮ ಇಲ್ಲಿ ಮುರಿಯುವುದಿಲ್ಲ, ಏಕೆಂದರೆ ಕಾಲ ಎಂಬುದು ಆ ಮಾತಿನದೇ ಅಂಗ.

ಎಲ್ಲ ತಿದ್ದಿದ ಮೇಲೆ ಸ್ಲೈಡುಗಳು ಹೀಗಾದವು:

1. ಅಂಬರನಾಥದ ಶಿವಾಲಯಕ್ಕೂ ಕನ್ನಡಕ್ಕೂ ಏನು ನಂಟು?
2. ಅಂಬರನಾಥದ ಶಿವಾಲಯದಲ್ಲಿ ಒಂದು ಶಾಸನವಿದೆ. ಅದರ ಕಾಲ ಕ್ರಿ.ಶ. 1060.
3. 1060ರಲ್ಲಿ ಠಾಣೆ ಸೀಮೆಯ ಅರಸ ಶಿಲಾಹಾರರ ಮುಮ್ಮುಣಿ.
4. ಅಂಬರನಾಥದ ಗುಡಿಗೆ ಸುಮಾರು 200 ವರ್ಷ ಮೊದಲು ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು.
5. ಕನ್ಹೇರಿ ಗುಹೆಗಳ 9ನೇ ಶತಮಾನದ ಶಾಸನಗಳಲ್ಲಿ ಶಿಲಾಹಾರರ ಒಡೆಯ ಅಮೋಘವರ್ಷನ ಹೆಸರಿದೆ.
6. ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದು 9ನೇ ಶತಮಾನದಲ್ಲಿ, ಅಮೋಘವರ್ಷನ ಆಸ್ಥಾನದಲ್ಲಿ.
7. ಅಂಬರನಾಥದ ಗುಡಿ ರಾಷ್ಟ್ರಕೂಟರದ್ದಲ್ಲ. ಅವರ ಆಳ್ವಿಕೆ 973ರಲ್ಲೇ ಮುಗಿದಿತ್ತು.
8. ಅಂಬರನಾಥಕ್ಕೂ ಕನ್ನಡಕ್ಕೂ ನಂಟು ಕಲ್ಲಿನದ್ದಲ್ಲ, ಶಿಲಾಹಾರ ಮನೆತನದ ಹಳೆಯ ಒಡೆತನದ್ದು.

ಏಳನೇ ಸ್ಲೈಡಿನ "ಆದರೆ" ಹೋಗಿದೆ ನೋಡಿ. ಒಂಟಿ ಸ್ಲೈಡಿನಲ್ಲಿ "ಆದರೆ" ಎಂದರೆ ಯಾವುದಕ್ಕೆ ಆದರೆ? ಅದೇ ಸ್ಲೈಡಿನ "ಅವರ" ಎಂಬುದನ್ನು ಉಳಿಸಿದ್ದೇನೆ, ಏಕೆಂದರೆ ಅದು ತೋರಿಸುವ ಹೆಸರು ಅದೇ ಸ್ಲೈಡಿನಲ್ಲಿದೆ. ಎರಡನೆಯದರ "ಅದರ" ಕೂಡ ಹಾಗೆಯೇ.

ಪರೀಕ್ಷೆ ಸುಲಭ. ಎಂಟು ಸಾಲುಗಳನ್ನು ಎಂಟು ಚೀಟಿಗಳಲ್ಲಿ ಬರೆದು ಕಲಸಿ, ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಒಂದೇ ಚೀಟಿ ಕೊಟ್ಟು, "ಇದರಿಂದ ನಿಮಗೆ ಏನು ತಿಳಿಯಿತು?" ಎಂದು ಕೇಳಿ. "ಯಾರು?", "ಎಲ್ಲಿ?", "ಯಾವಾಗ?" ಎಂದು ಅವರು ತಿರುಗಿ ಕೇಳಿದರೆ ಆ ಚೀಟಿಯಲ್ಲಿ ಹೆಸರು ಕಾಣೆಯಾಗಿದೆ. ಅವರು ಹೇಳಿದ್ದು ನೀವು ಬರೆದದ್ದಕ್ಕಿಂತ ದೊಡ್ಡದಾಗಿದ್ದರೆ ಮಿತಿ ಕಾಣೆಯಾಗಿದೆ. ಎರಡನೆಯದೇ ಹೆಚ್ಚು ಅಪಾಯದ್ದು.

ಅಕ್ಷರ ಮತ್ತು ಜಾಗ

ಸ್ಲೈಡಿಗೆ 1080 ಅಗಲ, 1350 ಎತ್ತರದ ಅಳತೆ ಇಟ್ಟುಕೊಳ್ಳಿ. ಫೋನಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಎಲ್ಲ ಸ್ಲೈಡುಗಳಿಗೂ ಇದೇ ಅಳತೆ ಇರಲಿ. ಸುತ್ತ 100 ಪಿಕ್ಸೆಲ್ ಖಾಲಿ ಬಿಡಿ, ಪ್ರೊಫೈಲ್ ಪುಟದಲ್ಲಿ ಚಿತ್ರದ ಅಂಚು ಕತ್ತರಿಸಿಹೋದರೂ ಅಕ್ಷರ ಉಳಿಯುತ್ತದೆ. ಅಕ್ಷರದ ಗಾತ್ರ 64ರ ಆಸುಪಾಸಿನಲ್ಲಿದ್ದರೆ ಒಂದು ಸಾಲಿಗೆ ಸುಮಾರು 15ರಿಂದ 17 ಕನ್ನಡ ಅಕ್ಷರ ಹಿಡಿಯುತ್ತವೆ, ಫಾಂಟಿನ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಇದಕ್ಕಿಂತ ಹೆಚ್ಚು ಅಕ್ಷರ ಬರುತ್ತವೆ, ಪದಗಳೂ ಚಿಕ್ಕವು. "ಸಾಮಂತರಾಗಿದ್ದರು" ಎಂಬ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಹಾಗಾಗಿ ಸಾಲು ಎಲ್ಲಿ ಮುರಿಯಬೇಕೆಂಬುದನ್ನು ಆ್ಯಪಿಗೆ ಬಿಡದೆ ಕೈಯಿಂದಲೇ ಮುರಿಯಿರಿ: "ಶಿಲಾಹಾರರು / ರಾಷ್ಟ್ರಕೂಟರ / ಸಾಮಂತರಾಗಿದ್ದರು." ಐದು ಸಾಲಿಗಿಂತ ಹೆಚ್ಚಾದರೆ ಅಕ್ಷರ ಚಿಕ್ಕದು ಮಾಡಬೇಡಿ, ಮಾತು ಚಿಕ್ಕದು ಮಾಡಿ.

ಸಾಲುಗಳ ನಡುವಿನ ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗೆ ಹತ್ತಿರ ಇಡಿ. ಇಂಗ್ಲಿಷ್ ಮಾದರಿಯ ಟೆಂಪ್ಲೇಟುಗಳಲ್ಲಿ ಈ ಅಂತರ ಕಡಿಮೆ ಇರುತ್ತದೆ. ಆಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಯಾವ ಫಾಂಟು, ಯಾವ ಆ್ಯಪು ಸರಿಯೆಂದು ನೋಡಲು "ರಾಷ್ಟ್ರಕೂಟ" ಎಂದು ಒಮ್ಮೆ ಬರೆಯಿರಿ. ಷಕಾರದ ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು, ಎರಡೂ ನೇರವಾಗಿ ಕೂತರೆ ಸರಿ. ಒತ್ತುಗಳು ಬಿಡಿಬಿಡಿಯಾಗಿ ಅರ್ಧಾಕ್ಷರದಂತೆ ಕಂಡರೆ ಆ್ಯಪಿಗೆ ಕನ್ನಡ ಕೂಡಿಸಲು ಬರುತ್ತಿಲ್ಲ ಎಂದರ್ಥ. ಫೋಟೋಶಾಪಿನಲ್ಲಿ ಹೀಗಾದರೆ ಟೈಪ್ ಸೆಟ್ಟಿಂಗಿನಲ್ಲಿ `World-Ready Layout` ಆರಿಸಿಕೊಂಡರೆ ಸರಿಹೋಗುತ್ತದೆ. ಇನ್ನು ಹಳೆಯ ಸ್ಮರಣ ಸಂಚಿಕೆಯ ಫೈಲಿನಿಂದ ನಕಲು ಮಾಡಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾದದ್ದು. ಮೊದಲು ಅದನ್ನು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದು ಸಲ ಕಣ್ಣಾಡಿಸಿ ನೋಡಿ. ಇಸವಿಗಳನ್ನೂ ಮೂಲದೊಂದಿಗೆ ಹೋಲಿಸಿ. 982 ಶಕವರ್ಷ, ಅದಕ್ಕೆ 78 ಕೂಡಿಸಿದರೆ 1060.

ಕೆಳಗಿನ ಬರಹ

ಚಿತ್ರದೊಳಗಿನ ಕನ್ನಡ ದೃಷ್ಟಿ ಇಲ್ಲದವರ ಫೋನು ಓದಿ ಹೇಳಲಾಗದಂಥದ್ದು. ಹಾಗಾಗಿ ಪ್ರತಿ ಸ್ಲೈಡಿನ ಆಲ್ಟ್ ಟೆಕ್ಸ್ಟಿನಲ್ಲಿ ಆ ಸ್ಲೈಡಿನ ವಾಕ್ಯವನ್ನೇ ಟೈಪ್ ಮಾಡಿ. ಪೋಸ್ಟಿನ ಕೆಳಗೆ ಬರೆಯಲು 2,200 ಅಕ್ಷರಗಳ ಜಾಗವಿದೆ. ಮೂಲ ಪ್ಯಾರಾ ಪೂರ್ತಿ ಅಲ್ಲಿ ಹಿಡಿಯುತ್ತದೆ. ಛಿತ್ತರಾಜನ "ಬಹುದು", ಬಸವಕಲ್ಯಾಣದ ಚಾಲುಕ್ಯರು, ಪುಲ್ಲಶಕ್ತಿ, ಕಪರ್ದಿ ಎಲ್ಲರೂ ಅಲ್ಲಿ ಇರಲಿ. "ಕಲ್ಯಾಣ" ಎಂಬಲ್ಲಿ ಮಾತ್ರ "ಬೀದರ ಜಿಲ್ಲೆಯ ಬಸವಕಲ್ಯಾಣ" ಎಂದು ಬಿಡಿಸಿ ಬರೆಯಿರಿ. ಆ ಬರಹದ ಮೊದಲ ಸಾಲಷ್ಟೇ ತೆರೆಯದೆ ಕಾಣುವುದರಿಂದ, ಆ ಸಾಲು ಏಳನೇ ಸ್ಲೈಡಿನ ಮಾತಾಗಿರಲಿ: ಗುಡಿ ರಾಷ್ಟ್ರಕೂಟರದ್ದಲ್ಲ.

ಹಾಕುವ ಮೊದಲು ಇನ್ನೊಬ್ಬರ ಕಣ್ಣಿಗೆ ತೋರಿಸಿ. ಪೋಸ್ಟ್ ಹೊರಟ ಮೇಲೆ ಕೆಳಗಿನ ಬರಹವನ್ನು ತಿದ್ದಬಹುದು, ಬೇಡದ ಸ್ಲೈಡನ್ನು ಅಳಿಸಬಹುದು, ಆದರೆ ಒಂದು ಚಿತ್ರದ ಜಾಗದಲ್ಲಿ ತಿದ್ದಿದ ಇನ್ನೊಂದು ಚಿತ್ರ ಇಡಲಾಗದು. 1060 ಎಂಬಲ್ಲಿ 1006 ಎಂದು ಬಿದ್ದಿದ್ದರೆ ಇಡೀ ಪೋಸ್ಟ್ ತೆಗೆದು ಮತ್ತೆ ಹಾಕಬೇಕು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಕಲ್ಯಾಣದಿಂದ ಪನವೇಲಿನವರೆಗೆ ಹೋಗಿ ತಲುಪಿರುತ್ತದೆ.

ಪಟ್ಟಿಯಲ್ಲಿ ಉಳಿದ ಮೂರು ಮಾತುಗಳನ್ನು, ಶೈಲಿ, ಶಿಖರ ಮತ್ತು ಗರ್ಭಗುಡಿಯನ್ನು, ನಾನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅವುಗಳ ಪ್ರಶ್ನೆ "ಗುಡಿಯೊಳಗೆ ಏನು ನೋಡಬೇಕು?" ಆ ಪೋಸ್ಟಿಗೆ ಫೋಟೋ ಬೇಕು, ಅದಕ್ಕೆ ಒಂದು ಭಾನುವಾರ ಬೆಳಿಗ್ಗೆ ಅಂಬರನಾಥದಲ್ಲಿ ಇಳಿಯಲೇಬೇಕು.